ಒಬ್ಬ ಮುಳುಗಿದ್ರೆ ಸಾಲಾಗಿ ಎಲ್ರೂ ಯಾಕೆ ಮುಳುಗಲ್ಲ? ಕ್ಲಿಯರಿಂಗ್ ಹೌಸ್ ಕೆಲಸ ಮಾಡೋದು ಹೀಗೆ

ಎಕ್ಸ್‌ಚೇಂಜ್‌ನಲ್ಲಿ ಒಂದು ಫ್ಯೂಚರ್ ಕಾಂಟ್ರಾಕ್ಟನ್ನ, ಅಂದ್ರೆ ಮುಂದಿನ ದಿನಕ್ಕೆ ಈಗಲೇ ರೇಟ್ ಗೊತ್ತು ಮಾಡ್ಕೊಳ್ಳೋ ಒಪ್ಪಂದಾನ, ಸಿ ಮಾರಿದ, ಬಿ ಕೊಂಡ, ಬಿ ಅದನ್ನೇ ಅದೇ ರೇಟಿಗೆ ಎಗೆ ಮಾರಿದ ಅಂದ್ಕೊಳ್ಳಿ. ರೇಟ್ ಬಿತ್ತು, ಈಗ ಎ ಬಿಗೆ ಕೊಡಬೇಕು, ಬಿ ಸಿಗೆ ಕೊಡಬೇಕು. ಎ ಕೈ ಎತ್ತಿದ್ರೆ ಬಿ ತಪ್ಪೇನೂ ಮಾಡದೆ ಸಿಕ್ಕಿಹಾಕ್ಕೊತಾನೆ, ಅವನ ಹಿಂದೆ ಸಿ.

ಈ ಸರಪಳೀನ ಮೊದಲು ಕತ್ತರಿಸೋದು ನೋವೇಶನ್. ಟ್ರೇಡ್ ಆದ ತಕ್ಷಣ ಕ್ಲಿಯರಿಂಗ್ ಹೌಸ್ ಮಧ್ಯೆ ಬಂದು ಕೊಂಡವನಿಗೆ ಮಾರಿದವನಾಗತ್ತೆ, ಮಾರಿದವನಿಗೆ ಕೊಂಡವನಾಗತ್ತೆ. ಬಿ ಕೊಂಡಿದ್ದೂ ಮಾರಿದ್ದೂ ಎರಡೂ ಈಗ ಒಬ್ಬರ ಜೊತೆನೇ ಆಗಿರೋದ್ರಿಂದ ವಜಾ ಆಗಿ ಅವನು ಪೂರ್ತಿ ಹೊರಗೆ. ಉಳಿದಿದ್ದು ಎ ಮತ್ತೆ ಸಿ, ಮಧ್ಯದಲ್ಲಿ ಹೌಸ್.

ಆದ್ರೆ ಗ್ಯಾರಂಟಿ ಬರೀ ಮಾತಲ್ಲಿದ್ರೆ ಸಾಲಲ್ಲ. ಅದಕ್ಕೇ ಶುರುವಿನಲ್ಲೇ ಇಬ್ರ ಹತ್ರನೂ ಇನಿಶಿಯಲ್ ಮಾರ್ಜಿನ್ ಅಂತ ಒಂದು ಠೇವಣಿ ಇಡಿಸ್ಕೊತಾರೆ, ಆಮೇಲೆ ದಿನಾ ರೇಟ್ ನೋಡಿ ನಷ್ಟ ಆದವನಿಂದ ವಸೂಲಿ ಮಾಡಿ ಲಾಭ ಆದವನಿಗೆ ಕೊಡ್ತಾರೆ, ಹಾಗಾಗಿ ಬಾಕಿ ಬೆಳೆಯೋಕೆ ಒಂದೆರಡು ದಿನಕ್ಕಿಂತ ಜಾಸ್ತಿ ಟೈಮ್ ಸಿಗಲ್ಲ.

ಈಗ ಎ ದಿನದ ದುಡ್ಡು ಕಟ್ಟಲಿಲ್ಲ. ಹೌಸ್ ಸಿಗೆ ಕೊಡೋದನ್ನ ನಿಲ್ಲಿಸೋ ಹಾಗಿಲ್ಲ, ಇನ್ನೊಂದು ಕಡೆ ಎ ಪೊಸಿಶನ್, ಅಂದ್ರೆ ಅವನ ಕಾಂಟ್ರಾಕ್ಟ್, ತನ್ನ ತಲೆ ಮೇಲೆ, ಅದನ್ನ ಹೌಸ್‌ನ ಬೇರೆ ಮೆಂಬರ್‌ಗಳಿಗೆ ಹರಾಜು ಹಾಕಬೇಕು. ಎಲ್ಲ ಮುಗಿದಾಗ 20 ನಷ್ಟ ಅಂತಿಟ್ಕೊಳ್ಳಿ. ಮೊದಲು ಎ ಇಟ್ಟಿದ್ದ ಮಾರ್ಜಿನ್ 12 ಹೋಗತ್ತೆ, ಆಮೇಲೆ ಇಂಥ ಹೊತ್ತಿಗೆ ಅಂತ ಮೆಂಬರ್‌ಗಳೆಲ್ಲ ಸೇರಿ ಕಟ್ಟಿರೋ ಡೀಫಾಲ್ಟ್ ಫಂಡ್‌ಗೆ ಅವನೇ ಹಾಕಿದ್ದ 3, ಆಮೇಲೆ ಹೌಸ್‌ನ ಸ್ವಂತ ದುಡ್ಡು 2, ಕೊನೇಲಿ ಉಳಿದ 3 ಆ ಫಂಡ್‌ಗೆ ಬೇರೆ ಮೆಂಬರ್‌ಗಳು ಹಾಕಿದ್ದ ಪಾಲಿಂದ. ಈ ಕ್ರಮ ನನಗೆ ತುಂಬಾ ನ್ಯಾಯವಾಗಿ ಕಾಣತ್ತೆ, ತಪ್ಪು ಮಾಡಿದವನ ಜೇಬು ಖಾಲಿ ಆದ್ಮೇಲೇ ಬೇರೆಯವರದ್ದು.

2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದಾಗ ಲಂಡನ್‌ನ ಎಲ್‌ಸಿಎಚ್ ಅನ್ನೋ ಕ್ಲಿಯರಿಂಗ್ ಹೌಸ್ ಹತ್ರ ಅವರ ಸುಮಾರು 9 ಲಕ್ಷ ಕೋಟಿ ಡಾಲರ್ ಮುಖಬೆಲೆಯ ಬಡ್ಡಿದರ ಸ್ವಾಪ್‌ಗಳು, ಅಂದ್ರೆ ಒಂದು ಥರದ ಬಡ್ಡಿಗೆ ಇನ್ನೊಂದು ಥರದ ಬಡ್ಡಿ ಬದಲಾಯಿಸ್ಕೊಳ್ಳೋ ಒಪ್ಪಂದಗಳು, ಇದ್ವು. ಅಷ್ಟನ್ನೂ ಲೇಮನ್ ಇಟ್ಟಿದ್ದ ಮಾರ್ಜಿನ್‌ನ ಸುಮಾರು ಮೂರನೇ ಒಂದು ಭಾಗದಲ್ಲೇ ಮುಗಿಸಿದ್ರು, ಬೇರೆಯವರ ಫಂಡ್ ಮುಟ್ಟಲೇ ಇಲ್ಲ.

ಎಲ್ಲ ಸಲ ಹಾಗಾಗಲ್ಲ. 2018ರ ಸೆಪ್ಟೆಂಬರ್‌ನಲ್ಲಿ ನಾಸ್ಡಾಕ್ ಕ್ಲಿಯರಿಂಗ್‌ನಲ್ಲಿ ಒಬ್ಬ ನಾರ್ವೆ ಟ್ರೇಡರ್ ನಾರ್ಡಿಕ್ ಮತ್ತೆ ಜರ್ಮನ್ ವಿದ್ಯುತ್ ರೇಟ್‌ಗಳ ನಡುವಿನ ಅಂತರದ ಮೇಲೆ ದೊಡ್ಡ ಪೊಸಿಶನ್ ಕಟ್ಟಿದ್ದ, ಅಂತರ ಇದ್ದಕ್ಕಿದ್ದಂಗೆ ಅವನಿಗೆ ಉಲ್ಟಾ ಹೋಯ್ತು. ಹರಾಜಿಗೆ ಕರೆದಿದ್ದು ಕೆಲವೇ ಮೆಂಬರ್‌ಗಳನ್ನ. ಕೊಳ್ಳೋರು ಕಮ್ಮಿ ಇದ್ರೆ ಬಿಡ್ ಕೆಳಗಿಳಿಯತ್ತೆ, ಹೌಸ್‌ಗಳ ನಿಜವಾದ ವೀಕ್ ಪಾಯಿಂಟ್ ಇಲ್ಲೇ ಇರೋದು. ಅವನ ದುಡ್ಡೆಲ್ಲ ಮುಗಿದ್ಮೇಲೂ 114 ಮಿಲಿಯನ್ ಯೂರೋ ಬಾಕಿ ಉಳೀತು, ಅದ್ರಲ್ಲಿ ನಾಸ್ಡಾಕ್ ಸ್ವಂತ ದುಡ್ಡಿಂದ ಹೋಗಿದ್ದು 7 ಮಿಲಿಯನ್, ಮಿಕ್ಕ 107 ಮಿಲಿಯನ್ ಆ ಟ್ರೇಡ್ ಮುಟ್ಟದೇ ಇದ್ದ ಮೆಂಬರ್‌ಗಳದ್ದು. ಅವರಿಗೆ ನೋವಾಯ್ತು ನಿಜ, ಆದ್ರೆ ನಷ್ಟ ಫಂಡ್‌ನಲ್ಲೇ ನಿಂತ್ಕೊಳ್ತು.