ಥೈರಾಯ್ಡ್ ಆಪರೇಷನ್‌ನಲ್ಲಿ ದನಿ ಉಳಿಸುವುದು ಹೇಗೆ?

ಕನ್ನಡಿ ಮುಂದೆ ನಿಂತು ಒಂದು ಗುಟುಕು ನೀರು ಕುಡಿಯಿರಿ. ಕತ್ತಿನಲ್ಲಿ ಥೈರಾಯ್ಡ್ ಗಂಟು ಇದ್ದರೆ ನುಂಗುವಾಗ ಅದು ಮೇಲೆ ಹೋಗಿ ಕೆಳಗೆ ಬರುತ್ತದೆ. ಗ್ರಂಥಿ ಶ್ವಾಸನಾಳಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಸರ್ಜನ್‌ಗೆ ತಲೆನೋವು ತರುವುದೂ ಈ ಅಂಟೇ.

ಒಬ್ಬ ಶಾಲಾ ಟೀಚರ್‌ಗೆ ಗ್ರಂಥಿಯ ಬಲಭಾಗದಲ್ಲಿ ಗಂಟಾಗಿದೆ, ಆ ಭಾಗವನ್ನಷ್ಟೇ ತೆಗೆಯಬೇಕಿದೆ ಎಂದುಕೊಳ್ಳಿ. ಚಾಕು ಹಿಡಿಯುವ ಮೊದಲೇ ಒಂದು ಕೆಲಸವಿದೆ. ಕ್ಯಾಮೆರಾ ಇಳಿಸಿ ದನಿಯ ಮಡಿಕೆಗಳು ಎರಡೂ ಅಲ್ಲಾಡುತ್ತಿವೆಯೇ ಎಂದು ನೋಡಬೇಕು. ಒಂದು ಮಡಿಕೆ ನಿಂತುಹೋಗಿದ್ದರೂ ಮಾತು ಚೆನ್ನಾಗಿಯೇ ಇರುವವರಿದ್ದಾರೆ. ಬರೀ ಮಾತು ಕೇಳಿ ನಂಬುವ ಹಾಗಿಲ್ಲ.

ಕತ್ತಿನ ಕೆಳಗಿನ ಸುಕ್ಕಿನಲ್ಲೇ ಅಡ್ಡ ಗೀರು ಹಾಕಿ, ಪಟ್ಟಿಯಂಥ ಸ್ನಾಯುಗಳನ್ನು ನಡುವೆ ಬಿಡಿಸಿದರೆ ಗ್ರಂಥಿ ಕಾಣುತ್ತದೆ. ಚಿಟ್ಟೆಯ ಹಾಗೆ ಎರಡು ರೆಕ್ಕೆ, ನಡುವೆ ಶ್ವಾಸನಾಳದ ಮೇಲೆ ಕೂತ ಸೇತುವೆ. ರೆಕ್ಕೆಯ ಹೊರಬದಿಯಲ್ಲಿ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳ ಮಿಡಿಯುತ್ತಿರುತ್ತದೆ. ಪಕ್ಕದ ಸಣ್ಣ ಅಭಿಧಮನಿಯನ್ನು ಕಟ್ಟಿ ಕತ್ತರಿಸಿದ ಮೇಲೆ ರೆಕ್ಕೆಯನ್ನು ಒಳಕ್ಕೆ ಹೊರಳಿಸಬಹುದು.

ಮೊದಲು ಮೇಲ್ತುದಿ. ಕತ್ತಿನ ಹೊರ ಕೆರೋಟಿಡ್ ರಕ್ತನಾಳದಿಂದ ಇಳಿಯುವ ಮೇಲಿನ ಥೈರಾಯ್ಡ್ ಅಪಧಮನಿ ಇಲ್ಲಿಗೆ ರಕ್ತ ತರುತ್ತದೆ. ಅದರ ಜೊತೆಜೊತೆಗೇ ದನಿಪೆಟ್ಟಿಗೆಯ ಮೇಲಿನ ನರದ ಹೊರ ಕವಲು ಬರುತ್ತದೆ, ಕೂದಲೆಳೆಯಷ್ಟು ಸಣ್ಣ. ದನಿಯ ಮಡಿಕೆಯನ್ನು ಬಿಗಿದು ಸ್ವರ ಏರಿಸುವ ಸ್ನಾಯುವಿಗೆ ಇದೇ ನರ. ಅದಕ್ಕೇ ರಕ್ತನಾಳವನ್ನು ಮೇಲೆ ಒಟ್ಟಿಗೆ ಹಿಡಿದು ಕಟ್ಟಬಾರದು. ಗ್ರಂಥಿಗೆ ತೀರಾ ಹತ್ತಿರ ಬಂದು, ಒಂದೊಂದೇ ಕವಲನ್ನು ಬಿಡಿಸಿ ಕಟ್ಟಬೇಕು. ಈ ನರ ಹೋದರೆ ಟೀಚರ್ ಮಾತಾಡಬಲ್ಲರು, ಆದರೆ ಮೈದಾನದ ಆಚೆ ತುದಿಯ ಮಕ್ಕಳನ್ನು ಕೂಗಲಾರರು. ಸಂಜೆಯ ಹೊತ್ತಿಗೆ ಗಂಟಲು ದಣಿದಿರುತ್ತದೆ. ಒಪೆರಾ ಗಾಯಕಿ ಅಮೆಲಿತಾ ಗಾಲ್ಲಿ-ಕುರ್ಚಿಗೆ 1935ರಲ್ಲಿ ಗಳಗಂಡದ ಆಪರೇಷನ್ ಆದ ಮೇಲೆ ದನಿ ಹೋಯಿತು, ಈ ನರವೇ ಕಾರಣ ಎಂಬ ಕಥೆ ಸರ್ಜನ್‌ಗಳ ಬಾಯಲ್ಲಿ ಓಡಾಡುತ್ತದೆ. ಆ ಕಥೆ ನಿಜವಲ್ಲ ಎಂದು ವಾದಿಸಿದವರೂ ಇದ್ದಾರೆ.

ಈಗ ನಿಜವಾದ ಕಷ್ಟ. ರಿಕರೆಂಟ್ ನರ, ಅಂದರೆ ತಿರುಗಿ ಬರುವ ನರ. ದನಿಯ ಮಡಿಕೆಯನ್ನು ಅಲ್ಲಾಡಿಸುವುದು ಇದೇ. ಗರ್ಭದಲ್ಲಿ ಹೃದಯ ಕತ್ತಿನಿಂದ ಎದೆಗೆ ಇಳಿಯುವಾಗ ಈ ನರವನ್ನೂ ಎಳೆದುಕೊಂಡು ಹೋಗಿರುತ್ತದೆ. ಹಾಗಾಗಿ ನರ ಎಡಗಡೆ ಮಹಾಪಧಮನಿಯನ್ನು, ಬಲಗಡೆ ಕೈಗೆ ಹೋಗುವ ರಕ್ತನಾಳವನ್ನು ಸುತ್ತಿ ಮತ್ತೆ ಕತ್ತಿಗೆ ಹತ್ತುತ್ತದೆ. ದಪ್ಪ ಹೆಚ್ಚೆಂದರೆ 2-3 ಮಿ.ಮೀ. ಶ್ವಾಸನಾಳ, ಅನ್ನನಾಳದ ನಡುವಿನ ಸಂದಿಯಲ್ಲಿ ಬಿಳಿ ದಾರದಂತೆ ಕಾಣುತ್ತದೆ. ಕೆಳಗಿನ ಥೈರಾಯ್ಡ್ ಅಪಧಮನಿ ಇದನ್ನು ಅಡ್ಡ ಹಾಯುತ್ತದೆ. ನರ ಮುಂದೆಯೋ, ಹಿಂದೆಯೋ, ಕವಲುಗಳ ನಡುವೆಯೋ, ಮೊದಲೇ ಹೇಳಲಾಗದು. ಆದ್ದರಿಂದ ನರ ಕಾಣುವ ತನಕ ಅಲ್ಲಿ ಏನನ್ನೂ ಕತ್ತರಿಸುವಂತಿಲ್ಲ. ಅಪರೂಪಕ್ಕೆ ಬಲಗಡೆ ನರ ಕೆಳಗೆ ಇಳಿಯುವುದೇ ಇಲ್ಲ, ಮೇಲಿಂದ ನೇರ ಅಡ್ಡ ಬರುತ್ತದೆ. ಸಂದಿಯಲ್ಲಿ ಸಿಗಲಿಲ್ಲ ಅಂತ ನಿಶ್ಚಿಂತೆಯಿಂದ ಕತ್ತರಿ ಹಾಕಿದರೆ ಕೆಟ್ಟಿತು.

ಕೆಳಗಿನ ಥೈರಾಯ್ಡ್ ಅಪಧಮನಿಯ ಬುಡವನ್ನೂ ಕಟ್ಟಬಾರದು. ಗ್ರಂಥಿಯ ಬೆನ್ನಿಗಂಟಿದ ಪ್ಯಾರಾಥೈರಾಯ್ಡ್‌ಗಳಿಗೆ ಹೆಚ್ಚಿನ ರಕ್ತ ಅಲ್ಲಿಂದಲೇ. ಇವು ಬೇಳೆಕಾಳಿನಷ್ಟು ಸಣ್ಣವು, ಕ್ಯಾಲ್ಸಿಯಂ ನೋಡಿಕೊಳ್ಳುತ್ತವೆ. ಇಲ್ಲೂ ಗ್ರಂಥಿಯ ಮೈಮೇಲಿನ ಕವಲುಗಳನ್ನಷ್ಟೇ ಕಟ್ಟುವುದು.

ಕೊನೆಗೆ ಆರಂಭದಲ್ಲಿ ಹೇಳಿದ ಅಂಟು, ಬೆರ್ರಿ ಅಸ್ಥಿರಜ್ಜು. ನರ ದನಿಪೆಟ್ಟಿಗೆಗೆ ಹೋಗುವ ಮುನ್ನ ಇದಕ್ಕೆ ಒತ್ತಿಕೊಂಡೇ ಸಾಗುತ್ತದೆ. ಗಂಟನ್ನು ಮೇಲೆತ್ತಿ ಎಳೆದರೆ ನರವೂ ಬಾಗಿ ಎದ್ದುಬರುತ್ತದೆ. ಜಾಸ್ತಿ ಪೆಟ್ಟು ಬೀಳುವುದು ಕತ್ತರಿಯಿಂದಲ್ಲ, ಈ ಎಳೆತದಿಂದ. ನಡುವೆ ಸಣ್ಣ ರಕ್ತಸ್ರಾವ ಆಗುತ್ತದೆ. ಆಗ ಕುರುಡಾಗಿ ಕ್ಲಿಪ್ ಹಾಕದೆ, ಕಾಸಿ ಸುಡದೆ, ಸುಮ್ನೆ ಗಾಜ್ ಒತ್ತಿ ಹಿಡಿದು ಕಾಯಬೇಕು. ಎಳೆತ ಸಡಿಲಿಸಿ, ಚೂಪು ತುದಿಯಿಂದ ಅಂಟನ್ನು ಬಿಡಿಸಿ, ಸೇತುವೆ ಕತ್ತರಿಸಿದರೆ ಬಲಭಾಗ ಕೈಗೆ ಬರುತ್ತದೆ.

ನಮ್ಮ ಟೀಚರ್ ಎಚ್ಚರವಾದ ಮೇಲೆ ದನಿ ಗಾಳಿ ಸೋರಿದಂತಿದೆ, ನೀರು ಕುಡಿದರೆ ಕೆಮ್ಮು. ಕ್ಯಾಮೆರಾ ಇಳಿಸಿದರೆ ಬಲ ಮಡಿಕೆ ನಿಂತಿದೆ. ಎಡಗಡೆಯದು ಸರಿ ಇರುವುದರಿಂದ ಉಸಿರಿಗೆ ತೊಂದರೆಯಿಲ್ಲ. ಎರಡೂ ನಿಂತಿದ್ದರೆ ದಾರಿಯೇ ಮುಚ್ಚಿಕೊಂಡು, ಕತ್ತಿನಲ್ಲಿ ತೂತು ಮಾಡಿ ಉಸಿರು ಕೊಡಬೇಕಾಗಬಹುದಿತ್ತು. ಸರ್ಜನ್ ನರವನ್ನು ಇಡಿಯಾಗಿ ಕಂಡಿದ್ದಾರೆ. ಹಾಗಾಗಿ ಎಳೆತದ ಪೆಟ್ಟು ಎಂದು ಕಾಯುತ್ತಾರೆ. ಗದ್ದ ಕೆಳಗೆ ಬಾಗಿಸಿ ನುಂಗುವುದನ್ನೂ ದನಿಯ ಅಭ್ಯಾಸವನ್ನೂ ಹೇಳಿಕೊಡುತ್ತಾರೆ. ಎರಡನೇ ತಿಂಗಳು ನೀರಿನ ಕೆಮ್ಮು ನಿಲ್ಲುತ್ತದೆ. ಮೂರನೇ ತಿಂಗಳು ಮಡಿಕೆ ಸಣ್ಣಗೆ ಅಲುಗುತ್ತದೆ. ವರ್ಷವಾದರೂ ಅಲುಗದಿದ್ದರೆ ಆ ಮಡಿಕೆಯನ್ನು ನಡುವಿಗೆ ತಳ್ಳುವ ಇನ್ನೊಂದು ಸಣ್ಣ ಆಪರೇಷನ್ ಇದೆ. ಇವರಿಗೆ ಅದು ಬೇಕಾಗಲಿಲ್ಲ.