ಪಿಜ್ಜಾದ ತಳ ಗರಿಗರಿಯಾಗಲು: ಕಲ್ಲು, ತವಾ, ಕುಕ್ಕರ್‌ನಲ್ಲಿ ನಾನು ಮಾಡುವ ಬಗೆ

ಪಿಜ್ಜಾ ಬೆಂದಿದೆಯೇ ಎಂದು ತಿಳಿಯಲು ಹೆಚ್ಚಿನವರು ಮೇಲಿನ ಚೀಸ್ ನೋಡುತ್ತಾರೆ. ನಾನು ಮಗುಚುವ ಕೈಯನ್ನು ಅಂಚಿನಡಿಗೆ ತೂರಿಸಿ, ಸ್ವಲ್ಪ ಎತ್ತಿ ತಳ ನೋಡುತ್ತೇನೆ. ಬೆಂದ ತಳದಲ್ಲಿ ಅಲ್ಲಲ್ಲಿ ಗಾಢ ಕಂದು ಚುಕ್ಕೆಗಳಿರುತ್ತವೆ. ಉಗುರಿನಿಂದ ತಟ್ಟಿದರೆ ಒಣ ಸದ್ದು ಬರುತ್ತದೆ. ಅಂಚು ಹಿಡಿದು ಎತ್ತಿದಾಗ ನಡುಭಾಗ ಜೋತು ಬೀಳುವುದಿಲ್ಲ. ಚೀಸ್ ಎಷ್ಟೇ ಚೆನ್ನಾಗಿ ಕರಗಿದ್ದರೂ ತಳ ಬಿಳಿಚಿಕೊಂಡು ಮೆತ್ತಗಿದ್ದರೆ ಅದು ಇನ್ನೂ ಬೆಂದಿಲ್ಲ ಎಂದೇ ನನ್ನ ಲೆಕ್ಕ.

ತಳ ಗರಿಗರಿಯಾಗುವುದು ನೀರು ಆರುವುದರ ಮೇಲೆ ನಿಂತಿದೆ. ಹಿಟ್ಟಿನ ಅಡಿಭಾಗದಲ್ಲಿ ನೀರು ಇರುವವರೆಗೂ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂದು ಬಣ್ಣವೂ ಹುರಿದ ಘಮವೂ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ದಾಟಬೇಕು. ಹಾಗಾಗಿ ಮೇಲಿನ ಚೀಸ್ ಮತ್ತು ತರಕಾರಿ ಒಣಗಿ ಸೀಯುವ ಮುಂಚೆಯೇ ಅಡಿಯ ನೀರನ್ನು ಆವಿ ಮಾಡುವಷ್ಟು ಕಾವು ಕೆಳಗಿನಿಂದ ಬರಬೇಕು. ಕಟ್ಟಿಗೆ ಉರಿಸುವ ಪಿಜ್ಜಾ ಒಲೆಯಲ್ಲಿ 430 ಡಿಗ್ರಿಗೂ ಮೀರಿದ ಕಾವಿರುವುದರಿಂದ ಒಂದೂವರೆ ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿಗೆ ನಿಲ್ಲುತ್ತದೆ. ಓವನ್‌ನೊಳಗಿಟ್ಟು ಕಾಯಿಸುವ ಪಿಜ್ಜಾ ಕಲ್ಲು, ತವಾ, ಕುಕ್ಕರ್ ಮೂರೂ ಆ ಕೊರತೆಯನ್ನು ಬೇರೆ ಬೇರೆ ರೀತಿಯಲ್ಲಿ ತುಂಬುತ್ತವೆ.

ಮೂರಕ್ಕೂ ನಾನು ಒಂದೇ ಹಿಟ್ಟು ಕಲಸುತ್ತೇನೆ: 300 ಗ್ರಾಂ ಮೈದಾ, 190 ಗ್ರಾಂ ನೀರು, 6 ಗ್ರಾಂ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಕಲಸಿ ಹತ್ತು ನಿಮಿಷ ನಾದಿ, ಒಂದು ಗಂಟೆ ಹೊರಗಿಟ್ಟು, ಮೂರು ಉಂಡೆ ಮಾಡಿ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಫ್ರಿಜ್‌ನಲ್ಲಿಡುತ್ತೇನೆ. ನಿಧಾನವಾಗಿ ಹುದುಗಿದ ಹಿಟ್ಟಿನಲ್ಲಿ ಪಿಷ್ಟ ಒಡೆದು ಸ್ವಲ್ಪ ಸಕ್ಕರೆಯಾಗಿರುತ್ತದೆ. ಮನೆಯ ಕಡಿಮೆ ಕಾವಿನಲ್ಲೂ ಬಣ್ಣ ಬರಲು ಅದೇ ನೆರವಾಗುತ್ತದೆ. ತಟ್ಟುವುದಕ್ಕೆ ಒಂದೂವರೆ ಎರಡು ಗಂಟೆ ಮೊದಲೇ ಉಂಡೆಗಳನ್ನು ಹೊರಗಿಡಬೇಕು. ತಣ್ಣಗಿರುವ ಹಿಟ್ಟು ಹಿಗ್ಗುವುದಿಲ್ಲ, ಎಳೆದಷ್ಟೂ ಹಿಂದಕ್ಕೆ ಕುಗ್ಗುತ್ತದೆ. ಅದನ್ನು ಲಟ್ಟಣಿಗೆಯಿಂದ ಒತ್ತಿ ಸೋಲಿಸಲು ಹೋದರೆ ಒಳಗಿನ ಗಾಳಿಯೆಲ್ಲ ಹೊರಟುಹೋಗುತ್ತದೆ.

ತವಾದ ಕೆಲಸವನ್ನು ಬಿಡಿಸಿ ಹೇಳುತ್ತೇನೆ. ಅದಕ್ಕೆ ಓವನ್ ಬೇಕಿಲ್ಲ, ತಳದ ಮಟ್ಟಿಗೆ ಕಲ್ಲಿಲ್ಲದ ಓವನ್‌ಗಿಂತ ಒಳ್ಳೆಯ ಫಲವನ್ನೂ ಕೊಡುತ್ತದೆ. ತವಾ ದಪ್ಪನೆಯ ಎರಕದ ಕಬ್ಬಿಣದ್ದಾಗಿರಬೇಕು. ತೆಳು ತವಾ ಹಿಟ್ಟು ಬಿದ್ದೊಡನೆ ತಣಿಯುತ್ತದೆ, ಉರಿ ತಾಗುವ ನಡುಭಾಗದಲ್ಲಿ ಮಾತ್ರ ಸೀಯುತ್ತದೆ. ನಾನ್‌ಸ್ಟಿಕ್ ತವಾ ಈ ಕೆಲಸಕ್ಕೆ ಬೇಡವೇ ಬೇಡ. ಅದನ್ನು ಬರಿದಾಗಿ ಇಷ್ಟು ಹೊತ್ತು ಕಾಯಿಸಿದರೆ ಲೇಪ ಹಾಳಾಗಿ ಹೊಗೆ ಬರುತ್ತದೆ, ಆ ಹೊಗೆ ಒಳ್ಳೆಯದಲ್ಲ.

ಕಬ್ಬಿಣದ ತವಾವನ್ನು ಎಣ್ಣೆ ಸವರದೆ ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಕಾಯಿಸುತ್ತೇನೆ. ನೀರು ಚಿಮುಕಿಸಿ ನೋಡಿದರೆ ಸಾಲದು. 200 ಡಿಗ್ರಿಯಲ್ಲೂ ಹನಿ ಓಡಾಡುತ್ತದೆ, 300ರಲ್ಲೂ ಓಡಾಡುತ್ತದೆ. ಅದರ ಬದಲು ಒಂದು ಚಿಟಿಕೆ ಒಣ ಮೈದಾವನ್ನು ನಡುವೆ ಉದುರಿಸಿ ನೋಡುತ್ತೇನೆ. ಮನಸ್ಸಿನಲ್ಲೇ ಹತ್ತು ಎಣಿಸುವಷ್ಟರಲ್ಲಿ ಅದು ಕಂದಾದರೆ ತವಾ ಸಿದ್ಧ. ಬಿದ್ದೊಡನೆ ಹೊಗೆಯೆದ್ದು ಕಪ್ಪಾದರೆ ಉರಿ ಇಳಿಸಿ ಒಂದೆರಡು ನಿಮಿಷ ಕಾಯಬೇಕು. ಎಣಿಸಿ ಮುಗಿದ ಮೇಲೂ ಬೆಳ್ಳಗೇ ಇದ್ದರೆ ಇನ್ನಷ್ಟು ಕಾಯಿಸಬೇಕು. ಆಮೇಲೆ ಆ ಹಿಟ್ಟನ್ನು ಒಣ ಬಟ್ಟೆಯಿಂದ ಒರೆಸಿಬಿಡುತ್ತೇನೆ, ಇಲ್ಲವಾದರೆ ಅದು ಸೀದು ಕಹಿಯಾಗಿ ಪಿಜ್ಜಾಕ್ಕೆ ಅಂಟಿಕೊಳ್ಳುತ್ತದೆ.

ಒಂದು ಉಂಡೆಯನ್ನು ಬೆರಳ ತುದಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಒಂಬತ್ತು ಅಂಗುಲದ ವೃತ್ತ ಮಾಡುತ್ತೇನೆ. ಮೇಲೆ ಏನನ್ನೂ ಹಾಕದೆ ತವಾದ ಮೇಲೆ ಹಾಸುತ್ತೇನೆ. ಅರ್ಧ ನಿಮಿಷದಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಒಂದರಿಂದ ಒಂದೂವರೆ ನಿಮಿಷದೊಳಗೆ ಅಡಿಯಲ್ಲಿ ಕಂದು ಚುಕ್ಕೆ ಮೂಡುತ್ತದೆ. ಆಗ ಮಗುಚಿ ಹಾಕಿ, ಇನ್ನೊಂದು ಬದಿ ಬರೀ ಗಟ್ಟಿಯಾಗುವಷ್ಟು, ಅಂದರೆ ಮೂವತ್ತು ಸೆಕೆಂಡು ಬಿಟ್ಟು ತೆಗೆಯುತ್ತೇನೆ. ಮೊದಲು ಬೆಂದ ಬದಿಯೇ ಮೇಲಿರುವಂತೆ ಅದನ್ನು ಜಾಲರಿಯ ಮೇಲಿಟ್ಟು ಸಾಸ್ ಹಚ್ಚುತ್ತೇನೆ.

ಈ ಮಗುಚುವಿಕೆಯೇ ತವಾ ಪಿಜ್ಜಾದ ಜೀವಾಳ. ತವಾದಲ್ಲಿ ಮೇಲಿನಿಂದ ಕಾವು ಬರುವುದಿಲ್ಲ. ಹಸಿ ಹಿಟ್ಟಿನ ಮೇಲೆ ನೇರವಾಗಿ ಸಾಸ್ ಹಾಕಿದರೆ ಹಿಟ್ಟಿಗೂ ಸಾಸ್‌ಗೂ ನಡುವೆ ಅಂಟಂಟಾದ ಹಸಿ ಪದರವೊಂದು ಉಳಿದುಬಿಡುತ್ತದೆ. ಅದು ಬೇಯಲಿ ಎಂದು ಕಾಯುತ್ತ ಕುಳಿತರೆ ಅಷ್ಟರಲ್ಲಿ ತಳ ಇದ್ದಿಲಾಗಿರುತ್ತದೆ. ಮೊದಲೇ ಬೆಂದು ಒಣಗಿದ ಬದಿ ಸಾಸಿನ ನೀರನ್ನು ಬೇಗ ಹೀರುವುದಿಲ್ಲ. ಜೊತೆಗೆ, ನಾವು ನಿಧಾನವಾಗಿ ಚೀಸ್ ಹರಡುವಾಗ ತವಾ ಕಳೆದುಕೊಂಡ ಕಾವನ್ನು ಮತ್ತೆ ತುಂಬಿಕೊಳ್ಳುತ್ತದೆ.

ಒಂಬತ್ತು ಅಂಗುಲಕ್ಕೆ ಮೂರು ದೊಡ್ಡ ಚಮಚ ಸಾಸ್ ಸಾಕು. ಟೊಮೆಟೊ ಹಿಸುಕಿ ಜರಡಿಯಲ್ಲಿ ಕಾಲು ಗಂಟೆ ಇಟ್ಟರೆ ಆಶ್ಚರ್ಯವಾಗುವಷ್ಟು ನೀರು ಕೆಳಗಿಳಿಯುತ್ತದೆ. ಉಳಿದ ಗಟ್ಟಿ ತಿರುಳಿಗೆ ಉಪ್ಪು, ಸ್ವಲ್ಪ ಎಣ್ಣೆ ಬೆರೆಸಿದರೆ ಅದೇ ನನ್ನ ಸಾಸ್. ಮೊಝರೆಲ್ಲಾ 70 ಗ್ರಾಂ. ನೀರಿನಲ್ಲಿ ಮುಳುಗಿಸಿಟ್ಟ ತಾಜಾ ಮೊಝರೆಲ್ಲಾ ಆದರೆ ಹರಿದು, ಬಟ್ಟೆಯ ಮೇಲೆ ಅರ್ಧ ಗಂಟೆ ಆರಿಸಲೇಬೇಕು. ಅಣಬೆ, ದಪ್ಪ ಮೆಣಸಿನಕಾಯಿ, ಈರುಳ್ಳಿ ಹಾಕುವುದಾದರೆ ಮೊದಲು ಬಾಣಲೆಯಲ್ಲಿ ನೀರು ಹಿಂಗುವ ತನಕ ಬಾಡಿಸಿಕೊಳ್ಳುತ್ತೇನೆ. ಮೇಲೆ ಹೇರಿದ ಪ್ರತಿ ಚಮಚ ನೀರೂ ಕೊನೆಗೆ ತಳಕ್ಕೇ ಇಳಿಯುತ್ತದೆ.

ಈಗ ಉರಿಯನ್ನು ಸಣ್ಣದಕ್ಕಿಂತ ತುಸು ಹೆಚ್ಚಿಗೆ ಇಟ್ಟು, ಪಿಜ್ಜಾವನ್ನು ಮತ್ತೆ ತವಾಗೆ ಜಾರಿಸಿ, ಎತ್ತರದ ಗುಮ್ಮಟದಂಥ ಮುಚ್ಚಳ ಮುಚ್ಚುತ್ತೇನೆ. ಚಪ್ಪಟೆ ಮುಚ್ಚಳವಾದರೆ ಅದರ ಅಡಿಯಲ್ಲಿ ಕಟ್ಟಿದ ಹನಿಗಳು ನೇರವಾಗಿ ಪಿಜ್ಜಾದ ಮೇಲೆ ತೊಟ್ಟಿಕ್ಕುತ್ತವೆ. ಒಂದೂವರೆ ನಿಮಿಷಕ್ಕೆ ಮುಚ್ಚಳ ತೆಗೆದು, ಒಳಭಾಗ ಒರೆಸಿ, ಪಿಜ್ಜಾವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮುಚ್ಚುತ್ತೇನೆ. ಮೂರು ನಿಮಿಷದ ಹೊತ್ತಿಗೆ ಚೀಸ್ ಕರಗಿರುತ್ತದೆ. ಇನ್ನು ಮುಚ್ಚಳದ ಕೆಲಸ ಮುಗಿಯಿತು. ತೆರೆದೇ ಇಟ್ಟು ಒಂದರಿಂದ ಒಂದೂವರೆ ನಿಮಿಷ ಬೇಯಿಸಿದರೆ ಒಳಗೆ ಸಿಕ್ಕಿಕೊಂಡಿದ್ದ ಆವಿ ಹೊರಟು ತಳ ಬಿಗಿಯುತ್ತದೆ. ಕಿವಿಗೊಟ್ಟು ಕೇಳಿದರೆ ಈ ಬದಲಾವಣೆ ಗೊತ್ತಾಗುತ್ತದೆ: ಶುರುವಿನಲ್ಲಿ ಜೋರಾಗಿದ್ದ ಚುರುಗುಟ್ಟುವ ಸದ್ದು ನೀರು ಕಡಿಮೆಯಾದಂತೆ ಕ್ಷೀಣವಾಗುತ್ತದೆ. ಸದ್ದು ಕುಂದಿದಾಗ ತಳ ಎತ್ತಿ ನೋಡಬೇಕು, ಆಮೇಲೆ ಸೀಯಲು ಅರ್ಧ ನಿಮಿಷವೂ ಬೇಕಿಲ್ಲ.

ನಡುಭಾಗ ಕಪ್ಪಾಗಿ ಅಂಚು ಬೆಳ್ಳಗಿದ್ದರೆ ಉರಿ ಒಂದೇ ಕಡೆ ತಾಗುತ್ತಿದೆ ಎಂದರ್ಥ. ತವಾವನ್ನು ನಿಮಿಷಕ್ಕೊಮ್ಮೆ ಒಂದೊಂದು ಅಂಚು ಉರಿಯ ಮೇಲೆ ಬರುವಂತೆ ಸರಿಸಿದರೆ ಸರಿಹೋಗುತ್ತದೆ. ತಳ ಗಟ್ಟಿಯಾಗಿದ್ದೂ ಬಣ್ಣ ಬರದೆ, ಅಗಿಯಲು ಒಣ ರಟ್ಟಿನಂತಿದ್ದರೆ ತವಾ ಕಾದದ್ದು ಸಾಲದು, ಕಡಿಮೆ ಕಾವಿನಲ್ಲಿ ಬಹಳ ಹೊತ್ತು ಬೆಂದಿದೆ.

ತವಾ ಪಿಜ್ಜಾದಲ್ಲಿ ಒಂದು ಕೊರತೆ ಉಳಿಯುತ್ತದೆ. ಚೀಸ್ ಕರಗುತ್ತದೆಯೇ ಹೊರತು ಕಂದಾಗುವುದಿಲ್ಲ, ಅಂಚು ಉಬ್ಬುವುದೂ ಅಷ್ಟಕ್ಕಷ್ಟೆ. ಅದು ಬೇಕಿದ್ದರೆ ಓವನ್ ಮತ್ತು ಕಲ್ಲಿಗೇ ಹೋಗಬೇಕು.

ಕಲ್ಲಿನ ವಿಷಯದಲ್ಲಿ ತಿಳಿದಿರಬೇಕಾದ್ದು ಮುಖ್ಯವಾಗಿ ಒಂದೇ. ಓವನ್‌ನ ದೀಪ ಆರಿ 250 ಡಿಗ್ರಿ ಆಯಿತೆಂದು ಹೇಳಿದಾಗ ಕಾದಿರುವುದು ಒಳಗಿನ ಗಾಳಿ. ಒಂದೂವರೆ ಸೆಂಟಿಮೀಟರ್ ದಪ್ಪದ, ಕಾರ್ಡಿಯರೈಟ್ ಎಂಬ ಖನಿಜದಿಂದ ಮಾಡಿದ ಕಲ್ಲಿನ ಒಳಗೆ ಕಾವು ತುಂಬಲು ಇನ್ನೂ ಬಹಳ ಹೊತ್ತು ಬೇಕು. ನಾನು ಕಲ್ಲನ್ನು ತಣ್ಣಗಿನ ಓವನ್‌ನಲ್ಲೇ ಮೇಲಿನ ಹಂತದಲ್ಲಿಟ್ಟು, ಪೂರ್ತಿ ಕಾವಿನಲ್ಲಿ ಒಂದು ಗಂಟೆ ಬಿಡುತ್ತೇನೆ. ತಣ್ಣನೆಯ ಕಲ್ಲನ್ನು ಕಾದ ಓವನ್‌ಗೆ ತಳ್ಳಿದರೆ ಬಿರುಕು ಬಿಡಬಹುದು. ಅದನ್ನು ನೀರಿನಲ್ಲಿ ನೆನೆಸಿ ತೊಳೆಯುವುದೂ ಸರಿಯಲ್ಲ. ಹೀರಿದ ನೀರು ಕಾದಾಗ ಆವಿಯಾಗಿ ಕಲ್ಲನ್ನು ಒಡೆಯುತ್ತದೆ. ಕೆರೆದು ಒರೆಸಿದರೆ ಸಾಕು, ಕಪ್ಪು ಕಲೆಗಳು ಇದ್ದರೆ ಇರಲಿ.

ಬೇಕಿಂಗ್ ಟ್ರೇಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಸಣ್ಣ ರವೆ ಉದುರಿಸಿ ಹಿಟ್ಟನ್ನು ಅಲ್ಲೇ ತಟ್ಟಿ, ಸಾಸ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಟ್ರೇ ಅಲುಗಿಸಿ ನೋಡುತ್ತೇನೆ. ಹಿಟ್ಟು ಜಾರುತ್ತಿದ್ದರೆ ಮಾತ್ರ ಓವನ್ ಬಾಗಿಲು ತೆರೆಯುತ್ತೇನೆ. ಕಲ್ಲಿನ ಮೇಲೆ ಏಳೆಂಟು ನಿಮಿಷದಲ್ಲಿ ಪಿಜ್ಜಾ ಬೇಯುತ್ತದೆ, ಕೊನೆಯ ಎರಡು ನಿಮಿಷ ಮೇಲಿನ ಗ್ರಿಲ್ ಹಾಕಿದರೆ ಚೀಸ್‌ಗೂ ಚುಕ್ಕೆ ಬರುತ್ತದೆ. ಕಲ್ಲು ತನ್ನಲ್ಲಿನ ಕಾವನ್ನು ಮೊದಲ ಪಿಜ್ಜಾಕ್ಕೆ ಕೊಟ್ಟಿರುತ್ತದೆ. ಆದ್ದರಿಂದ ಎರಡನೆಯದಕ್ಕೆ ಮುಂಚೆ ಬಾಗಿಲು ಮುಚ್ಚಿ ಹತ್ತು ನಿಮಿಷ ಕಾಯುತ್ತೇನೆ.

ಕುಕ್ಕರ್ ನನ್ನ ಕೊನೆಯ ಆಯ್ಕೆ. ಒಳಗಿನ ಬಿಸಿ ಗಾಳಿ ಮೆಲ್ಲಗೆ ಬೇಯಿಸುತ್ತದೆ, ಆವಿ ಹೊರಹೋಗಲು ದಾರಿ ಕಡಿಮೆ, ಹೀಗಾಗಿ ಬ್ರೆಡ್ಡಿನಂಥ ಮೆತ್ತನೆಯ ಪಿಜ್ಜಾ ಸುಲಭವಾಗಿ ಬರುತ್ತದೆ, ಗರಿಗರಿ ತಳ ಬರುವುದು ಕಷ್ಟ. ಮಾಡುವುದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿಡಬೇಕು, ಒಳಗೆ ಒತ್ತಡ ಕೂಡಬಾರದು. ತಳಕ್ಕೆ ಒಂದೂವರೆ ಬಟ್ಟಲು ಪುಡಿ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸುತ್ತೇನೆ. ಹಸಿ ಹಿಟ್ಟನ್ನೇ ತಟ್ಟೆಯಲ್ಲಿಟ್ಟರೆ ಇಪ್ಪತ್ತೈದು ನಿಮಿಷವಾದರೂ ಅಡಿ ಬಿಳಿಯಾಗಿಯೇ ಇರುತ್ತದೆ. ಅದಕ್ಕೇ ಇಲ್ಲೂ ತವಾದ ನೆರವು ಪಡೆಯುತ್ತೇನೆ: ಕುಕ್ಕರಿನೊಳಗೆ ಹಿಡಿಸುವಷ್ಟು ಚಿಕ್ಕದಾಗಿ ತಟ್ಟಿ, ತವಾದಲ್ಲಿ ಎರಡೂ ಬದಿ ಚುಕ್ಕೆ ಬರುವಂತೆ ಬೇಯಿಸಿ, ಸಾಸ್ ಚೀಸ್ ಹಾಕಿ, ರಂಧ್ರಗಳಿರುವ ತಟ್ಟೆಯ ಮೇಲೆ ಕುಕ್ಕರಿನೊಳಗೆ ಎಂಟು ಹತ್ತು ನಿಮಿಷ ಇಡುತ್ತೇನೆ. ರಂಧ್ರಗಳಿಂದ ಅಡಿಯ ತೇವ ಆರುತ್ತದೆ. ಮುಚ್ಚಳವನ್ನು ಕೊನೆಯ ಎರಡು ನಿಮಿಷ ಓರೆಯಾಗಿಟ್ಟರೆ ಇನ್ನೂ ಒಳ್ಳೆಯದು.

ಯಾವುದರಲ್ಲಿ ಬೇಯಿಸಿದರೂ ಇಳಿಸಿದ ಪಿಜ್ಜಾವನ್ನು ನೇರವಾಗಿ ಸ್ಟೀಲ್ ತಟ್ಟೆಗೆ ಹಾಕುವುದಿಲ್ಲ. ತಣ್ಣನೆಯ ತಟ್ಟೆಗೆ ತಾಗಿದ ಆವಿ ನೀರಾಗಿ, ಒಂದೆರಡು ನಿಮಿಷದಲ್ಲೇ ತಳವನ್ನು ಮೆತ್ತಗೆ ಮಾಡುತ್ತದೆ. ಜಾಲರಿಯ ಮೇಲೆ ಎರಡು ನಿಮಿಷ ಬಿಟ್ಟು, ಆಮೇಲೆ ಮರದ ಹಲಗೆಗೆ ವರ್ಗಾಯಿಸಿ ಕತ್ತರಿಸುತ್ತೇನೆ. ಉಳಿದ ತುಂಡುಗಳನ್ನು ಮರುದಿನ ಬಿಸಿ ಮಾಡುವುದೂ ಒಣ ತವಾದಲ್ಲೇ, ಸಣ್ಣ ಉರಿಯಲ್ಲಿ, ಮುಚ್ಚಳವಿಲ್ಲದೆ ಮೂರು ನಿಮಿಷ. ಮೈಕ್ರೋವೇವ್‌ನಲ್ಲಿಟ್ಟರೆ ತಳ ಮೊದಲು ನೆನೆದಂತಾಗಿ, ತಣಿದ ಮೇಲೆ ನಾರಿನಂತೆ ಗಟ್ಟಿಯಾಗುತ್ತದೆ.