ಚಿಕ್ಕದು ಮಾಡಿದ ಕೂಡಲೇ ಕಾಣೆಯಾಗುತ್ತಿದ್ದ ನಕ್ಷತ್ರಗಳು

"ರೀಸೈಜ್ ಮಾಡೋದಕ್ಕೂ ಇಷ್ಟು ತಲೆ ಕೆಡಿಸ್ಕೋಬೇಕಾ? ಕರ್ವ್ಸ್ ಎತ್ತು, ಮುಗೀತು" ಅಂದಿದ್ದರು ಜೊತೆಯಲ್ಲಿ ಕೆಲಸ ಮಾಡುವವರು. ಈಗ ಅವರೇ ನನ್ನ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡೋಣ ಅನ್ನಿಸಿತು.

ಕೆಲಸ ಸರಳವಾಗಿಯೇ ಇತ್ತು. ರಾತ್ರಿ ಆಕಾಶದ ಸುಮಾರು ನಲವತ್ತು ಫೋಟೋಗಳು, ಎಲ್ಲವೂ ಹೆಚ್ಚುಕಡಿಮೆ 6000 ಪಿಕ್ಸೆಲ್ ಅಗಲ. ಅವನ್ನು 1500ಕ್ಕೆ ಇಳಿಸಿ ಚಿಕ್ಕ ಕಾರ್ಡ್‌ಗಳಾಗಿ ಪ್ರಿಂಟ್ ಮಾಡಿಸಬೇಕಿತ್ತು. ದೊಡ್ಡ ಫೈಲ್‌ನಲ್ಲಿ ಆಕಾಶದ ತುಂಬಾ ನಕ್ಷತ್ರ. ಕಾರ್ಡ್‌ನಲ್ಲಿ ನೋಡಿದರೆ ಬಹುಪಾಲು ಇಲ್ಲ. ದೊಡ್ಡ ನಾಲ್ಕೈದು ನಕ್ಷತ್ರ ಉಳಿದಿದ್ದವು, ಸಣ್ಣವೆಲ್ಲ ಕತ್ತಲಲ್ಲಿ ಮುಳುಗಿದ್ದವು. "ನಾನು ಕೊಟ್ಟ ಫೋಟೋನೇನಾ ಇದು?" ಅಂತ ಕೊಟ್ಟವರು ಕೇಳಿದರು. ಎರಡನೇ ಸಲದ ಪ್ರಿಂಟ್ ನನ್ನ ಖರ್ಚಿನಲ್ಲೇ ಆಯಿತು. ತೆಗೆದುಕೊಂಡಿದ್ದ ಅಡ್ವಾನ್ಸ್ ಪೂರ್ತಿ ಅದಕ್ಕೇ ಹೋಯಿತು.

ಎರಡನೇ ಸಲವೂ ಸರಿ ಬರಲಿಲ್ಲ. ತಪ್ಪು ಮಾನಿಟರ್‌ನದ್ದು ಅಂದುಕೊಂಡು ಒಂದು ದುಬಾರಿ ಮಾನಿಟರ್ ತಂದೆ. ಆಮೇಲೆ ಅದನ್ನು ಅರ್ಧ ಬೆಲೆಗೆ ಮಾರಿದೆ. ಶಾರ್ಪನಿಂಗ್ ಜಾಸ್ತಿ ಮಾಡಿ ನೋಡಿದೆ, ನಕ್ಷತ್ರಗಳ ಸುತ್ತ ಕಪ್ಪು ಉಂಗುರ ಬಂತು. ಕರ್ವ್ಸ್ ಎತ್ತಿದೆ. ನಕ್ಷತ್ರದ ಜೊತೆಗೆ ಆಕಾಶವೂ ಎದ್ದು ಬೂದಿ ಬಣ್ಣಕ್ಕೆ ತಿರುಗಿತು.

ಈ ಕರ್ವ್ಸ್ ಸೋತದ್ದೇ ನನಗೆ ಸುಳಿವು ಕೊಟ್ಟಿತು. ಸಾದಾ ಆಕಾಶ ರೀಸೈಜ್‌ಗೆ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ ಇತ್ತು. ಕಳೆದುಕೊಂಡದ್ದು ನಕ್ಷತ್ರ ಮಾತ್ರ. ಯೋಚಿಸಿದರೆ ಅದು ಹಾಗೇ ಆಗಬೇಕು. ಚಿಕ್ಕದು ಮಾಡುವಾಗ ಸೇರಿ ಒಂದಾಗುವ ಹದಿನಾರು ಪಿಕ್ಸೆಲ್‌ಗಳ ಅಂಕಿಯೂ 20 ಇದ್ದರೆ ಯಾವ ರೀತಿ ಸರಾಸರಿ ತೆಗೆದರೂ 20 ಬರುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇದ್ದಾಗ ಮಾತ್ರ ಸರಾಸರಿ ಹೇಗೆ ತೆಗೆದಿರಿ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ನಮ್ಮ ಕಸುಬಿನವರಿಗೆ ಗಾಮಾ ಗೊತ್ತು, ಪಾಠ ಮಾಡಲ್ಲ. ಫೈಲ್‌ನಲ್ಲಿರುವ ಅಂಕಿ ಬೆಳಕಿನ ಅಳತೆ ಅಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು. sRGBಯಲ್ಲಿ 128 ಅಂದರೆ ಬಿಳಿಯ ಅರ್ಧ ಬೆಳಕಲ್ಲ, ಸುಮಾರು 21.6 ಶೇಕಡಾ ಬೆಳಕು. ನಿಜವಾದ ಅರ್ಧ ಬೆಳಕು ಇರುವುದು 188ರ ಹತ್ತಿರ. ಸಾಮಾನ್ಯ ರೀಸೈಜ್ ಇದನ್ನೆಲ್ಲ ನೋಡುವುದಿಲ್ಲ. ಫೈಲ್‌ನ ಅಂಕಿಗಳನ್ನೇ ಕೂಡಿಸಿ ಭಾಗಿಸುತ್ತದೆ.

ಈಗ ನನ್ನ ನಕ್ಷತ್ರದ ಲೆಕ್ಕ ನೋಡಿ. 6000ದಿಂದ 1500ಕ್ಕೆ ಇಳಿಸಿದರೆ ಹದಿನಾರು ಪಿಕ್ಸೆಲ್ ಸೇರಿ ಒಂದಾಗುತ್ತವೆ. ಹದಿನೈದು ಆಕಾಶದವು, ತಲಾ 20. ಒಂದು ನಕ್ಷತ್ರ, 255. ಅಂಕಿಗಳನ್ನೇ ಸರಾಸರಿ ಮಾಡಿದರೆ ಸುಮಾರು 35 ಬರುತ್ತದೆ. ಪಕ್ಕದ ಆಕಾಶ 20. ಕಾಗದದ ಮೇಲೆ ಈ 20 ಮತ್ತು 35ರ ವ್ಯತ್ಯಾಸ ಇಂಕ್‌ನಲ್ಲೇ ಮುಚ್ಚಿಹೋಗುತ್ತದೆ. ಅದೇ ಹದಿನಾರನ್ನು ಮೊದಲು ಬೆಳಕಿಗೆ, ಅಂದರೆ ಲೀನಿಯರ್‌ಗೆ ಬದಲಾಯಿಸಿ, ಸರಾಸರಿ ತೆಗೆದು, ವಾಪಸ್ sRGBಗೆ ತಂದರೆ 74 ಬರುತ್ತದೆ. ಆಕಾಶ ಆಗಲೂ 20ರಲ್ಲೇ ಇರುತ್ತದೆ. ಫೈಲ್ ಒಂದೇ, ಫಿಲ್ಟರ್ ಒಂದೇ. ನಕ್ಷತ್ರ ಮಾತ್ರ ಉಳಿಯಿತು.

ಆಕಾಶ ಪೂರ್ತಿ ಕಪ್ಪಾಗಿದ್ದರೆ ಇನ್ನೂ ಅನ್ಯಾಯ. ಆಗ ಮಾಮೂಲಿ ದಾರಿಯಲ್ಲಿ 16, ಲೀನಿಯರ್‌ನಲ್ಲಿ 71. ಬೆಳಕಿನ ಲೆಕ್ಕದಲ್ಲಿ ಹನ್ನೆರಡು ಪಟ್ಟು ವ್ಯತ್ಯಾಸ. ಈ ಲೆಕ್ಕವನ್ನು ಮೊದಲ ಸಲ ಹಾಕಿದಾಗ ನಾನೇ ಮೂರು ಸಲ ಕೂಡಿಸಿ ನೋಡಿದೆ.

ನಿಮ್ಮ ಟೂಲ್ ಯಾವ ದಾರಿ ಹಿಡಿಯುತ್ತದೆ ಅಂತ ತಿಳಿಯಲು ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳುಪು ಇರುವ ಚೆಕ್ಕರ್ ಬೋರ್ಡ್ ಸಾಕು. ImageMagick ಆದರೆ ಹೀಗೆ:

```
magick -size 512x512 pattern:gray50 t.png
magick t.png -filter Box -resize 50% \
  -format "%[fx:255*mean]\n" info:
```

127.5 ಬಂದರೆ ಅಂಕಿಗಳ ಸರಾಸರಿ. `-resize`ಗೆ ಮುಂಚೆ `-colorspace RGB`, ಆಮೇಲೆ `-colorspace sRGB` ಸೇರಿಸಿ ಮತ್ತೆ ಓಡಿಸಿ. 187.5ರ ಆಸುಪಾಸು ಬರಬೇಕು. ಬೇರೆ ಸಾಫ್ಟ್‌ವೇರ್ ಆದರೆ ಇದೇ `t.png` ತೆರೆದು ಅರ್ಧಕ್ಕೆ ಇಳಿಸಿ, ಐಡ್ರಾಪರ್‌ನಿಂದ ನೋಡಿ. ಬೋರ್ಡನ್ನು ಕಣ್ಣಳತೆಯಲ್ಲಿ ಹೋಲಿಸುವುದಾದರೆ 100% ಜೂಮ್‌ನಲ್ಲೇ ನೋಡಬೇಕು. ಇಲ್ಲದಿದ್ದರೆ ಸ್ಕ್ರೀನ್ ತಾನೇ ಇನ್ನೊಂದು ಸಲ ರೀಸೈಜ್ ಮಾಡಿ ತೋರಿಸಿ ಮೋಸ ಮಾಡುತ್ತದೆ.

ಇಷ್ಟು ಗೊತ್ತಾದ ಮೇಲೂ ನಾನು ಎರಡು ಸಲ ಬಿದ್ದೆ. ಮೊದಲನೆಯದು ಬರೀ ದಡ್ಡತನ. ಸ್ವಂತ ಸ್ಕ್ರಿಪ್ಟ್ ಬರೆದು, ಲೀನಿಯರ್‌ಗೆ ಬದಲಾಯಿಸಿ, ನಡುವೆ ಅದನ್ನು 8 ಬಿಟ್‌ನಲ್ಲೇ ಸೇವ್ ಮಾಡಿದೆ. ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯಿತು. ಒಡೆಯದೆ ಇನ್ನೇನು? 8 ಬಿಟ್ ಲೀನಿಯರ್‌ನಲ್ಲಿ ಸೊನ್ನೆ ಆದ ಮೇಲೆ ಸಿಗುವ ಮೊದಲ ಅಂಕಿ 1. ಅದನ್ನು sRGBಗೆ ತಂದರೆ 13. ಅಂದರೆ 1ರಿಂದ 12ರವರೆಗಿನ ಕತ್ತಲೆಲ್ಲ ಇಲ್ಲವೇ ಇಲ್ಲ. ರಾತ್ರಿ ಫೋಟೋದಲ್ಲಿ ಇರುವುದೇ ಅದು ತಾನೇ! ನಡುವಿನ ಹಂತ ಕನಿಷ್ಠ 16 ಬಿಟ್ ಇರಲಿ, ಫ್ಲೋಟ್ ಆದರೆ ಇನ್ನೂ ನೆಮ್ಮದಿ.

ಎರಡನೆಯದು ನನ್ನ ಒಂದು ವಾರ ತಿಂದಿತು. ಚೆಕ್ಕರ್ ಬೋರ್ಡ್ ಪರೀಕ್ಷೆಯಲ್ಲಿ 188 ಬರುತ್ತದೆ. ಅದೇ ಸ್ಕ್ರಿಪ್ಟ್‌ಗೆ ನಿಜವಾದ ಫೋಟೋ ಕೊಟ್ಟರೆ ನಕ್ಷತ್ರ ಮತ್ತೆ ಮಂಕು. ಲೀನಿಯರ್ ಹಾಕಿದರೂ ತೆಗೆದರೂ ಒಂದೇ ಥರ. "ನೋಡು, ನಾವು ಹೇಳಿರಲಿಲ್ವಾ" ಅಂದರು ಸ್ನೇಹಿತರು. ನನಗೂ ಅನುಮಾನ ಶುರುವಾಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಹಳೇ ಸ್ಕ್ರಿಪ್ಟ್‌ನಿಂದ ಹಾಗೇ ಉಳಿದಿದ್ದ ಒಂದು ತುಂಡು: `-define jpeg:size=1500x1000`. ವೇಗ ಬರಲಿ ಅಂತ ಯಾವಾಗಲೋ ನಾನೇ ಹಾಕಿದ್ದೆ. ಇದಿದ್ದರೆ ಜೆಪೆಗ್ ತೆರೆಯುವಾಗಲೇ ಡಿಕೋಡರ್ ಫೋಟೋವನ್ನು ಕಾಲು ಭಾಗಕ್ಕೆ ಇಳಿಸಿಬಿಡುತ್ತದೆ. ಅದು ಮಾಡುವುದು ಫೈಲ್‌ನ ಅಂಕಿಗಳ ಮೇಲೆ, ಬೆಳಕಿನ ಮೇಲೆ ಅಲ್ಲ. ನನ್ನ ಲೀನಿಯರ್ ಹಂತ ಬರುವಷ್ಟರಲ್ಲಿ ಇಳಿಸಲು ಏನೂ ಉಳಿದಿರಲಿಲ್ಲ. ಬೋರ್ಡ್ ಪಿಎನ್‌ಜಿ ಆಗಿದ್ದರಿಂದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲಿಲ್ಲ. ಈಗ ನಾನು ಬೋರ್ಡನ್ನು ಫೋಟೋದಷ್ಟೇ ದೊಡ್ಡದಾಗಿ, ಒಳ್ಳೆಯ ಕ್ವಾಲಿಟಿಯ ಜೆಪೆಗ್ ಮಾಡಿಯೂ ಪರೀಕ್ಷಿಸುತ್ತೇನೆ.

ಆ ತುಂಡು ತೆಗೆದ ಮೇಲೆ ಉಳಿದದ್ದು ಇಷ್ಟೇ:

```
magick in.jpg -colorspace RGB -filter Box -resize 1500x \
  -colorspace sRGB out.png
```

`Lanczos` ಯಾಕಿಲ್ಲ ಅಂತ ಕೇಳುತ್ತೀರಿ, ಗೊತ್ತು. ಹಾಕಿದ್ದೆ. ಲೀನಿಯರ್‌ನಲ್ಲಿ ಪ್ರಕಾಶಮಾನ ಚುಕ್ಕೆಗೂ ಕತ್ತಲಿಗೂ ನಡುವಿನ ಅಂತರ ವಿಪರೀತ. ಆಕಾಶದ 20 ಅಂದರೆ ಬೆಳಕಿನಲ್ಲಿ 0.7 ಶೇಕಡಾ ಅಷ್ಟೇ. ಆ ಫಿಲ್ಟರ್ ತನ್ನ ನೆಗೆಟಿವ್ ಭಾಗದಿಂದ ಎರಡು ಶೇಕಡಾ ಕಳೆದರೂ ಆಕಾಶ ಸೊನ್ನೆಗಿಂತ ಕೆಳಗೆ ಹೋಗಿ ಪೂರ್ತಿ ಕಪ್ಪಾಗುತ್ತದೆ. ಪ್ರತಿ ದೊಡ್ಡ ನಕ್ಷತ್ರದ ಸುತ್ತ ಕಪ್ಪು ಬಳೆ ತೊಡಿಸಿದ ಹಾಗೆ ಕಾಣುತ್ತದೆ. `Box`ನಲ್ಲಿ ನೆಗೆಟಿವ್ ಭಾಗವೇ ಇಲ್ಲ, ಸರಿಯಾಗಿ ಕಾಲು ಭಾಗಕ್ಕೆ ಇಳಿಸುವಾಗ ಅದು ಚೆನ್ನಾಗಿ ಕೂರುತ್ತದೆ. ಅಡ್ಡಾದಿಡ್ಡಿ ಅಳತೆ ಆದರೆ ನಾನು `Mitchell` ಹಿಡಿಯುತ್ತೇನೆ. ಅದರಲ್ಲೂ ಸ್ವಲ್ಪ ಬಳೆ ಬರುತ್ತದೆ, ಆದರೆ ಸಹಿಸಬಹುದು.

ಕಾರ್ಡ್ ಕೆಲಸ ಮೂರನೇ ಸಲಕ್ಕೆ ಪಾಸಾಯಿತು. ಪೂರ್ತಿ ದುಡ್ಡು ಬಂತು, ಮೇಲೆ ಇನ್ನೊಂದು ಆರ್ಡರ್. ಮಾನಿಟರ್‌ನ ನಷ್ಟ ಮಾತ್ರ ಹಾಗೇ ಉಳಿಯಿತು.

ಹುರುಪಿನಲ್ಲಿ ಎಲ್ಲದಕ್ಕೂ ಇದನ್ನೇ ಹಚ್ಚಲು ಹೋದೆ. ಸ್ಕ್ಯಾನ್ ಮಾಡಿದ ಪುಟಗಳನ್ನು ಹೀಗೇ ಇಳಿಸಿದರೆ ಅಕ್ಷರಗಳು ತೆಳ್ಳಗಾಗಿ ಮಾಸಿಹೋದವು. ಇದೂ ಅದೇ ಲೆಕ್ಕ, ದಿಕ್ಕು ಮಾತ್ರ ತಿರುಗಾಮುರುಗಾ. ಬಿಳಿ ಹಾಳೆಯಲ್ಲಿ ಒಂದು ಪಿಕ್ಸೆಲ್‌ನ ಕಪ್ಪು ಗೆರೆ. ನಾಲ್ಕರಲ್ಲಿ ಒಂದು ಕಪ್ಪು. ಮಾಮೂಲಿ ದಾರಿಯಲ್ಲಿ 191 ಬರುತ್ತದೆ, ಲೀನಿಯರ್‌ನಲ್ಲಿ 225. ಹಾಳೆಯನ್ನು ದೂರ ಇಟ್ಟು ನೋಡಿದರೆ ಕಣ್ಣಿಗೆ ಬರುವ ಬೆಳಕು 225ರದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಓದುವವರಿಗೆ ಗೆರೆ ಬೇಕು. `Box` ಥರದ ಫಿಲ್ಟರ್ ಆದರೆ ಲೀನಿಯರ್ ಫಲಿತಾಂಶ ಮಾಮೂಲಿಗಿಂತ ಎಂದೂ ಕಪ್ಪಾಗುವುದಿಲ್ಲ. ಒಂದೋ ಅಷ್ಟೇ, ಇಲ್ಲಾ ಜಾಸ್ತಿ ಬೆಳಕು. ಹಾಗಾಗಿ ಕತ್ತಲಲ್ಲಿ ಸಣ್ಣ ಬೆಳಕು ಇರುವ ಕಡೆ ಇದು ಗೆಲ್ಲುತ್ತದೆ. ಬೆಳಕಿನ ಮುಂದೆ ಸಣ್ಣ ಕಪ್ಪು ಇರುವ ಕಡೆ, ಅಂದರೆ ಅಕ್ಷರ, ತಂತಿ, ಎಲೆ ಉದುರಿದ ಕೊಂಬೆ, ಇವಕ್ಕೆಲ್ಲ ನಾನು ಹಳೇ ದಾರಿಗೇ ವಾಪಸ್ ಹೋಗುತ್ತೇನೆ. ಎರಡೂ ಇರುವ ಫೋಟೋಗೆ ಎರಡು ಕಾಪಿ ಮಾಡಿ ಮಾಸ್ಕ್‌ನಿಂದ ಬೆರೆಸುತ್ತೇನೆ. ಆ ಮಾಸ್ಕ್ ಹೇಗೆ ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದರಿಂದಲೇ ಊಟ ನಡೀತಿದೆ.

ಇನ್ನೊಂದು ಸುಮ್ನೆ ಮಾಡಿದ ಪ್ರಯೋಗ. ಒಂದು ಪಿಕ್ಸೆಲ್ ಕೆಂಪು, ಒಂದು ಪಿಕ್ಸೆಲ್ ಹಸಿರು ಪಟ್ಟೆ ಮಾಡಿ ಅರ್ಧಕ್ಕೆ ಇಳಿಸಿದೆ. ಮಾಮೂಲಿ ದಾರಿಯಲ್ಲಿ ಕೆಸರಿನಂಥ ಹಸಿರು, 128, 128, 0. ಲೀನಿಯರ್‌ನಲ್ಲಿ ಹಳದಿ, 188, 188, 0. ಬಣ್ಣದ ನೂಲಿನ ಬಟ್ಟೆಗಳ ಫೋಟೋ ಚಿಕ್ಕದಾದಾಗ ಯಾಕೆ ಕೊಳಕಾಗಿ ಕಾಣುತ್ತಿತ್ತು ಅನ್ನುವುದು ಅವತ್ತು ತಿಳಿಯಿತು.

ನಾಯ್ಸ್ ವಿಷಯ ಮಾತ್ರ ಹುಷಾರು. ಕತ್ತಲ ಭಾಗದಲ್ಲಿ ಒಂದು ಪಿಕ್ಸೆಲ್ 0, ಪಕ್ಕದ್ದು 40 ಅಂತ ಕುಣಿಯುತ್ತಿದ್ದರೆ ಮಾಮೂಲಿ ಸರಾಸರಿ 20, ಲೀನಿಯರ್ 26. ನಾಯ್ಸ್ ಅನ್ನೂ ಅದು ಸಣ್ಣ ನಕ್ಷತ್ರ ಅಂತಲೇ ಎಣಿಸುತ್ತದೆ! ಹೈ ಐಎಸ್‌ಒ ಫೋಟೋದಲ್ಲಿ ಆಕಾಶ ಸ್ವಲ್ಪ ಮೇಲೆದ್ದ ಹಾಗೆ ಕಂಡರೆ ಇದೇ ಕಾರಣ. ಅದಕ್ಕೆ ನಾನು ನಾಯ್ಸ್ ತೆಗೆಯುವ ಕೆಲಸವನ್ನು ರೀಸೈಜ್‌ಗೆ ಮುಂಚೆಯೇ ಮುಗಿಸುತ್ತೇನೆ. ಮೊದಲು ಆಮೇಲೆ ಮಾಡುತ್ತಿದ್ದೆ, ಆಗ ಎದ್ದ ಆಕಾಶ ಎದ್ದೇ ಇರುತ್ತಿತ್ತು.